ಗ್ರಾಹಕರು ಹೇಳಿದ್ದೊಂದು, ನಾವು ಬರೆದುಕೊಂಡಿದ್ದೊಂದು: ಡಿಸ್ಕವರಿ ಕಾಲ್ ರೆಕಾರ್ಡಿಂಗ್‌ನಿಂದ ಮುಂದಿನವರಿಗೆ ನೋಟ್ ಬರೆಯುವುದು

(ಸೇಲ್ಸ್ ಕೆಲಸದಲ್ಲಿರುವವರ ಮುಂದೆ ಮಾಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನನ್ನ ಕೈಗೆ ಒಂದು ನೋಟ್ ಬಂತು. ಗ್ರಾಹಕರಿಗೆ ಏನು ಬೇಕು ಎಂದು ತಿಳಿದುಕೊಳ್ಳುವ ಮೊದಲ ಕಾಲ್, ಅಂದರೆ ಡಿಸ್ಕವರಿ ಕಾಲ್, ಮಾಡಿದವರು ಬೇರೆಯವರು, ಎರಡನೇ ಮೀಟಿಂಗ್ ನನ್ನದು. ನೋಟಿನಲ್ಲಿ ಇದ್ದದ್ದು ಮೂರೇ ಸಾಲು: ‘ತುಂಬಾ ಆಸಕ್ತಿ ಇದೆ. ಬೆಲೆ ಬಗ್ಗೆ ತಕರಾರು. ಡಿಸ್ಕೌಂಟ್ ಕೊಟ್ಟರೆ ಆಗುತ್ತೆ.’ ನಾನು ನಮ್ಮ ಮ್ಯಾನೇಜರ್ ಹತ್ತಿರ ಡಿಸ್ಕೌಂಟಿಗೆ ಒಪ್ಪಿಗೆ ತಗೊಂಡು ಹೋದೆ. ಮಾತು ಶುರುವಾಗಿ ಐದು ನಿಮಿಷಕ್ಕೆ ಅದನ್ನು ಹೇಳಿಯೂ ಬಿಟ್ಟೆ. ಎದುರಿಗಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಾವು ಬೆಲೆ ಜಾಸ್ತಿ ಅಂತ ಹೇಳೇ ಇಲ್ವಲ್ಲ. ಹಾಗಾದ್ರೆ ಹೋದ ಸಲ ಕೊಟ್ಟ ರೇಟು ಯಾವ ಲೆಕ್ಕದ್ದು?’ ಎಂದು ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತು ಸಂಜೆ ಕೂತು ಮೊದಲ ಕಾಲ್‌ನ ರೆಕಾರ್ಡಿಂಗ್ ಕೇಳಿದೆ. ಅವರು ಕೇಳಿದ್ದು ಇಷ್ಟೇ: ‘ದುಡ್ಡು ಒಂದೇ ಸಲ ಕಟ್ಟಬೇಕಾ, ಮೂರು ತಿಂಗಳಿಗೊಂದು ಸಲ ಕಟ್ಟಬಹುದಾ?’ ಅದು ತಕರಾರಲ್ಲ. ಕೊಳ್ಳುವುದು ಹೇಗೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವವರ ಪ್ರಶ್ನೆ. ಮೊದಲು ಮಾತಾಡಿದವರ ಕಿವಿಗೆ ದುಡ್ಡಿನ ಮಾತು ಬಿದ್ದ ಕೂಡಲೇ ಅದು ‘ಬೆಲೆ ತಕರಾರು’ ಆಯಿತು. ಆ ಎರಡು ಪದಗಳು ನೋಟಿಗೆ ಹೋದವು, ಅಲ್ಲಿಂದ ನನ್ನ ಬಾಯಿಗೆ ಬಂದವು.

ಆ ನೋಟ್ ಬರೆದವರದು ಸೋಮಾರಿತನ ಅಲ್ಲ. ತಾವು ಕೇಳಿದ್ದನ್ನು ಬಿಟ್ಟು ಅದಕ್ಕೆ ತಾವು ಮಾಡಿಕೊಂಡ ಅರ್ಥವನ್ನು ಬರೆದಿದ್ದರು, ಅಷ್ಟೇ. ಈ ಒಂದು ತಪ್ಪಿನ ಬಗ್ಗೆಯೇ ಇವತ್ತು ನಾನು ಮಾತಾಡಬೇಕು ಎಂದುಕೊಂಡಿರುವುದು.

42 ನಿಮಿಷದ ಒಂದು ಕಾಲ್

ಒಂದು ಕಾಲ್ ತೆಗೆದುಕೊಂಡು ನೋಡೋಣ. ಗುರುತು ಸಿಗಬಾರದು ಎಂದು ವಿವರ ಬದಲಿಸಿದ್ದೇನೆ. ಮಾರುತ್ತಿರುವುದು ಸಾಫ್ಟ್‌ವೇರ್: ಯಾವ ಟೆಕ್ನಿಷಿಯನ್ ಯಾವ ಜಾಗಕ್ಕೆ ಹೋಗಬೇಕು, ಹೋಗಿ ಏನು ಮಾಡಿದ ಎಂಬ ಲೆಕ್ಕ ಇಡುವಂಥದ್ದು. ಕೊಳ್ಳಲು ಬಂದಿರುವುದು ದೊಡ್ಡ ಕಟ್ಟಡಗಳ ಎಸಿ ಯಂತ್ರಗಳನ್ನು ರಿಪೇರಿ ಮಾಡುವ ಕಂಪನಿ. ಸುಮಾರು 80 ಟೆಕ್ನಿಷಿಯನ್‌ಗಳಿದ್ದಾರೆ. ಕಾಲ್‌ನಲ್ಲಿ ಆಪರೇಷನ್ಸ್ ನೋಡಿಕೊಳ್ಳುವ ಮೇಡಂ ಇದ್ದರು. ಅರ್ಧದಲ್ಲಿ ಅಕೌಂಟ್ಸ್‌ನವರೊಬ್ಬರು ಸೇರಿಕೊಂಡರು. ರೆಕಾರ್ಡ್ ಮಾಡುತ್ತೇವೆ ಎಂದು ಶುರುವಿನಲ್ಲೇ ಹೇಳಿ ಒಪ್ಪಿಗೆ ತಗೊಂಡಿದ್ದರು.

ಕಾಲ್ ಮುಗಿದ ಮೇಲೆ, ಗ್ರಾಹಕರ ವಿವರ ಇಡುವ ಸಿಆರ್‌ಎಂನಲ್ಲಿ ಬಿದ್ದ ನೋಟ್ ಹೀಗಿತ್ತು: ‘ಬಳಸೋದು ಕಷ್ಟ ಆಗುತ್ತಾ ಅನ್ನೋ ಅನುಮಾನ ಇತ್ತು, ಪರಿಹರಿಸಿದೆ. ಅಕೌಂಟ್ಸ್‌ನವರಿಗೆ ಬೆಲೆ ತಕರಾರು. ಮೇಡಂಗೆ ತುಂಬಾ ಇಷ್ಟ ಆಯ್ತು, ಡೀಟೇಲ್ಸ್ ಕೇಳಿದ್ದಾರೆ. ಹಾಟ್ ಲೀಡ್.’

ಈಗ ರೆಕಾರ್ಡಿಂಗ್ ಕೇಳೋಣ. ನಾನು ಎರಡು ಸಲ ಕೇಳುತ್ತೇನೆ. ಮೊದಲ ಸಲ ಎಲ್ಲೂ ನಿಲ್ಲಿಸುವುದಿಲ್ಲ, ವೇಗ ಜಾಸ್ತಿ ಮಾಡುವುದೂ ಇಲ್ಲ. ಗ್ರಾಹಕರ ದನಿ ಬದಲಾದ ಕಡೆ, ಅವರು ಪ್ರಶ್ನೆ ಕೇಳಿದ ಕಡೆ, ತಡವರಿಸಿದ ಕಡೆ ಬರೀ ಸಮಯ ಗುರುತು ಹಾಕಿಕೊಳ್ಳುತ್ತೇನೆ. ಇಷ್ಟುದ್ದದ ಕಾಲ್‌ಗೆ ಹದಿನೈದರಷ್ಟು ಗುರುತು ಬೀಳುತ್ತವೆ. ಎರಡನೇ ಸಲ ಆ ಗುರುತುಗಳಿಗೆ ಮಾತ್ರ ಹೋಗುತ್ತೇನೆ. ಆದರೆ ಪ್ರತಿ ಗುರುತಿಗೂ ಒಂದು ನಿಮಿಷ ಹಿಂದಿನಿಂದ ಶುರು ಮಾಡಿ, ಒಂದು ನಿಮಿಷ ಮುಂದಿನವರೆಗೂ ಕೇಳುತ್ತೇನೆ. ಇಷ್ಟಾದ ಮೇಲೆ ಉಳಿಯುವುದು ಐದೋ ಆರೋ.

ಆ ಒಂದು ನಿಮಿಷ ಹಿಂದೆ ಹೋಗುವುದು ಯಾಕೆ? ಉತ್ತರದ ತೂಕ ಪ್ರಶ್ನೆಯಲ್ಲಿ ಇರುತ್ತದೆ. ‘ಇದರಿಂದ ನಿಮ್ಮ ಟೈಮ್ ಉಳಿಯುತ್ತೆ ಅಲ್ವಾ ಮೇಡಂ?’ ಎಂದು ಕೇಳಿದರೆ ಯಾರಾದರೂ ‘ಹೌದು’ ಎನ್ನುತ್ತಾರೆ. ಆ ‘ಹೌದು’ ನಮ್ಮದೇ ಮಾತು, ಅವರ ಬಾಯಿಂದ ವಾಪಸ್ ಬಂದಿದೆ ಅಷ್ಟೇ. ನಾಲ್ಕು ನಿಮಿಷ ನಾವೇ ಮಾತಾಡಿದ ಮೇಲೆ ಬರುವ ‘ಹೂಂ’ ಕೂಡ ಹಾಗೆಯೇ. ಯಾರೂ ಕೇಳದೆ ಅವರಾಗಿಯೇ ಹೇಳಿದ ಒಂದು ವಾಕ್ಯ ಇಂಥ ಹತ್ತು ‘ಹೌದು’ಗಳಿಗಿಂತ ತೂಕದ್ದು.

‘ಪರಿಹರಿಸಿದೆ’ ಎಂಬ ಮಾತು

6 ನಿಮಿಷ 40 ಸೆಕೆಂಡಿಗೆ ಮೇಡಂ ಹೇಳುತ್ತಾರೆ: ‘ಮೂರು ವರ್ಷದ ಹಿಂದೆ ಇಂಥದ್ದೇ ಒಂದು ಹಾಕಿದ್ವಿ. ಎರಡು ತಿಂಗಳಿಗೆ ಹುಡುಗ್ರು ಬಳಸೋದೇ ಬಿಟ್ರು.’ ನಮ್ಮವರು ಒಂದು ಕ್ಷಣವೂ ಬಿಡದೆ, ‘ನಮ್ಮದು ತುಂಬಾ ಸುಲಭ ಮೇಡಂ, ಅರ್ಧ ಗಂಟೆಯಲ್ಲಿ ಕಲೀಬಹುದು’ ಎನ್ನುತ್ತಾರೆ. ಅಲ್ಲಿ ಮೂರು ಸೆಕೆಂಡ್ ಮೌನ. ಆಮೇಲೆ ಮೇಡಂ, ‘ಹೌದಾ, ಸರಿ’ ಎಂದು ಬೇರೆ ವಿಷಯಕ್ಕೆ ಹೋಗುತ್ತಾರೆ.

ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಆ ಮೌನ ಇರುವುದಿಲ್ಲ. ಓದಿದರೆ ಒಂದು ಅನುಮಾನ ಬಂತು, ಉತ್ತರ ಸಿಕ್ಕಿತು, ಒಪ್ಪಿದರು ಎಂದೇ ಕಾಣುತ್ತದೆ. ಅದಕ್ಕೇ ಗುರುತು ಹಾಕಿದ ಜಾಗಗಳನ್ನು ಕಿವಿಯಿಂದಲೇ ಕೇಳಬೇಕು ಎನ್ನುತ್ತೇನೆ. ಇನ್ನೊಂದು ಎಚ್ಚರ: ಇಬ್ಬರು ಒಟ್ಟಿಗೆ ಮಾತಾಡಿದ ಕಡೆ ಟ್ರಾನ್ಸ್‌ಕ್ರಿಪ್ಟ್ ಒಬ್ಬರ ಮಾತನ್ನು ಇನ್ನೊಬ್ಬರ ಹೆಸರಿಗೆ ಹಾಕಿಬಿಡುತ್ತದೆ. ‘ಆಗುತ್ತೆ’, ‘ಆಗಲ್ಲ’ ಅದಲುಬದಲಾಗುವುದೂ ಉಂಟು. ಒಂದೆರಡು ಅಕ್ಷರ ತಪ್ಪಿದರೆ ಅರ್ಥವೇ ತಿರುಗುತ್ತದೆ.

ಇಲ್ಲಿ ಆಗಿದ್ದೇನು? ಹುಡುಗರು ಯಾಕೆ ಬಿಟ್ಟರು ಎಂದು ಮೇಡಂ ಹೇಳಲಿಲ್ಲ. ನಮ್ಮವರು ಕೇಳಲೂ ಇಲ್ಲ. ‘ಕಷ್ಟ ಆಗಿದ್ದಕ್ಕೆ’ ಎಂದು ತಾವೇ ಅಂದುಕೊಂಡು, ಆ ಅಂದಾಜಿಗೆ ಉತ್ತರ ಕೊಟ್ಟರು. ಕಾರಣದ ಒಂದು ತುದಿ ಸಿಗುವುದು 31ನೇ ನಿಮಿಷದಲ್ಲಿ, ಬೇರೇನೋ ಮಾತಾಡುವಾಗ: ‘ನಮ್ಮವರು ಕೆಲಸ ಮಾಡೋದೆಲ್ಲ ಬೇಸ್‌ಮೆಂಟ್‌ನಲ್ಲಿ. ಅಲ್ಲಿ ಫೋನೇ ಸಿಗಲ್ಲ.’ ಇನ್ನು ಸ್ವಲ್ಪ ಹೊತ್ತಿಗೆ ನಗುತ್ತಾ ಹೇಳುವ ಒಂದು ಮಾತು: ‘ಹೋದ ಸಲದ್ದನ್ನ ತಂದಿದ್ದು ನಾನೇ ಅಲ್ವಾ.’

ಈ ಮೂರು ಮಾತುಗಳ ನಡುವೆ 25 ನಿಮಿಷಕ್ಕೂ ಹೆಚ್ಚು ಅಂತರ ಇದೆ. ಮಾತಾಡುತ್ತಿರುವವರಿಗೆ ಇವನ್ನು ಜೋಡಿಸುವುದು ಕಷ್ಟ. ಅವರು ಮುಂದಿನ ಪ್ರಶ್ನೆ ಯೋಚಿಸುತ್ತಿರುತ್ತಾರೆ. ರೆಕಾರ್ಡಿಂಗ್ ಕೇಳುವವರು ಜೋಡಿಸಬಹುದು. ಜೋಡಿಸಿದರೆ ಬೇರೆಯದೇ ಆಕ್ಷೇಪ ಕಾಣುತ್ತದೆ. ಬೇಸ್‌ಮೆಂಟ್‌ನಲ್ಲಿ ಬರೆದದ್ದು ಸೇವ್ ಆಗದೆ ಹೋಗಿರಬಹುದು. ಎರಡೆರಡು ಸಲ ಬರೆಯಬೇಕಾಗಿ ಹುಡುಗರು ಬೇಸತ್ತಿರಬಹುದು. ಅದರ ಕೆಳಗೆ ಇನ್ನೊಂದಿದೆ: ಈ ಸಲವೂ ಕೈಕೊಟ್ಟರೆ ಹೆಸರು ಕೆಡುವುದು ಮೇಡಂದು. ‘ಅರ್ಧ ಗಂಟೆಯಲ್ಲಿ ಕಲೀಬಹುದು’ ಎಂಬುದು ಇದ್ಯಾವುದಕ್ಕೂ ಉತ್ತರ ಅಲ್ಲ.

‘ಇರಬಹುದು’ ಎಂದು ಬೇಕೆಂದೇ ಹೇಳಿದೆ, ಗಮನಿಸಿ. ಇದು ನನ್ನ ಅಂದಾಜು. ನಾನೂ ಇದನ್ನೇ ಸತ್ಯ ಎಂದು ನೋಟಿನಲ್ಲಿ ಬರೆದರೆ ಮೊದಲಿನವರು ಮಾಡಿದ ತಪ್ಪನ್ನೇ ಮಾಡಿದ ಹಾಗೆ. ಹಾಗಾಗಿ ಪ್ರತಿ ಆಕ್ಷೇಪದ ಮುಂದೆ ಅದು ಯಾವ ಸ್ಥಿತಿಯಲ್ಲಿದೆ ಎಂದು ಬರೆಯುತ್ತೇನೆ. ಮೂರೇ ಸ್ಥಿತಿ ಇಟ್ಟುಕೊಂಡಿದ್ದೇನೆ: ಉತ್ತರ ಕೊಟ್ಟಿಲ್ಲ; ಉತ್ತರ ಕೊಟ್ಟಿದೆ, ಒಪ್ಪಿದ್ದು ಗೊತ್ತಿಲ್ಲ; ಒಪ್ಪಿದರು. ಮೂರನೆಯದನ್ನು ಬರೆಯಬೇಕಾದರೆ ಗ್ರಾಹಕರೇ ತಮ್ಮ ಮಾತಿನಲ್ಲಿ ‘ಹಾಗಾದ್ರೆ ನಮಗೆ ಇದು ತೊಂದರೆ ಅಲ್ಲ’ ಎಂಬ ಅರ್ಥದಲ್ಲಿ ಏನಾದರೂ ಹೇಳಿರಬೇಕು. ‘ಹೌದಾ, ಸರಿ’ ಸಾಲದು. ಹೀಗೆ ಅಳೆದರೆ ಹೆಚ್ಚಿನ ಕಾಲ್‌ಗಳಲ್ಲಿ ಬಹುಪಾಲು ಆಕ್ಷೇಪಗಳು ಎರಡನೇ ಸ್ಥಿತಿಯಲ್ಲೇ ನಿಲ್ಲುತ್ತವೆ. ಮುಂದಿನವರಿಗೆ ಕೆಲಸ ಇರುವುದೂ ಅಲ್ಲೇ.

ಕೊಳ್ಳುವ ಸೂಚನೆ ಯಾವುದು, ಮರ್ಯಾದೆಯ ಮಾತು ಯಾವುದು

ಈಗ ಬೆಲೆ ತಕರಾರಿಗೆ ಬರೋಣ. 27ನೇ ನಿಮಿಷದಲ್ಲಿ ಅಕೌಂಟ್ಸ್‌ನವರು ಕೇಳಿದ್ದು: ‘ಚಳಿಗಾಲದಲ್ಲಿ ನಮ್ಮಲ್ಲಿ ಜನ ಕಮ್ಮಿ ಆಗ್ತಾರೆ. ಆಗ ಕಟ್ಟೋ ದುಡ್ಡೂ ಕಮ್ಮಿ ಆಗುತ್ತಾ?’ ನನ್ನ ಹಳೆಯ ನೋಟಿನ ಕಥೆಯೇ ಮತ್ತೆ. ಬೆಲೆ ಜಾಸ್ತಿ ಎಂದು ಇಲ್ಲಿ ಯಾರೂ ಹೇಳಿಲ್ಲ. ಅವರು ಆಗಲೇ ಸಾಫ್ಟ್‌ವೇರ್ ಹಾಕಿಕೊಂಡು ಒಂದು ವರ್ಷ ಓಡಿಸಿದ ಚಿತ್ರವನ್ನು ಮನಸ್ಸಿನಲ್ಲಿ ನೋಡುತ್ತಿದ್ದಾರೆ. ಅದು ಕೊಳ್ಳುವ ಸೂಚನೆ. ಆದರೆ ಅದೇ ವಾಕ್ಯದಲ್ಲಿ ಉತ್ತರ ಸಿಗದ ಒಂದು ಪ್ರಶ್ನೆಯೂ ಇದೆ. ಉತ್ತರ ‘ಇಲ್ಲ’ ಎಂದಾದರೆ ನಾಳೆ ಅದೇ ಆಕ್ಷೇಪ ಆಗುತ್ತದೆ. ಒಂದೇ ಮಾತು ಎರಡೂ ಆಗಬಹುದು. ಫಾರ್ಮ್‌ನಲ್ಲಿ ಎರಡು ಬೇರೆ ಬೇರೆ ಕಾಲಂ ಇದ್ದಾಗ ಜನ ಇಂಥದ್ದನ್ನು ಯಾವುದಾದರೂ ಒಂದಕ್ಕೆ ತುರುಕುತ್ತಾರೆ. ಎರಡೂ ಕಡೆ ಬರೆಯಿರಿ, ತಪ್ಪೇನಿಲ್ಲ.

ಇನ್ನು ‘ತುಂಬಾ ಇಷ್ಟ ಆಯ್ತು, ಡೀಟೇಲ್ಸ್ ಕೇಳಿದ್ದಾರೆ’. 40ನೇ ನಿಮಿಷದಲ್ಲಿ ಮೇಡಂ, ‘ಚೆನ್ನಾಗಿದೆ, ಡೀಟೇಲ್ಸ್ ಕಳಿಸಿ, ನೋಡಿ ಹೇಳ್ತೀನಿ’ ಎನ್ನುತ್ತಾರೆ. ಇದು ಮರ್ಯಾದೆಯಿಂದ ಮಾತು ಮುಗಿಸುವ ರೀತಿ. ಹೀಗೆ ಹೇಳಲು ಅವರಿಗೆ ಏನೂ ಖರ್ಚಾಗಿಲ್ಲ.

ನನ್ನ ಅಳತೆಗೋಲು ಅದೇ: ಗ್ರಾಹಕರಿಗೆ ಏನಾದರೂ ಖರ್ಚಾಯಿತಾ? ಅವರ ಸಮಯ, ಅವರ ಜನ, ಹೊರಗೆ ಹೇಳದ ಮಾಹಿತಿ, ಒಳಗಿನವರ ಹತ್ತಿರ ಅವರಿಗಿರುವ ಹೆಸರು, ಇವುಗಳಲ್ಲಿ ಒಂದನ್ನಾದರೂ ಕೊಟ್ಟರಾ? ಇದೇನೂ ನಾನು ಹುಟ್ಟುಹಾಕಿದ ವಿಚಾರ ಅಲ್ಲ. ಸೇಲ್ಸ್ ಸಂಶೋಧಕ ನೀಲ್ ರ್ಯಾಕಮ್ ಮತ್ತು ಅವರ ತಂಡ 35,000 ಸೇಲ್ಸ್ ಕಾಲ್‌ಗಳನ್ನು ಗಮನಿಸಿ, 1988ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇದನ್ನು ಸ್ಪಷ್ಟವಾಗಿ ಬೇರ್ಪಡಿಸಿದರು. ಗ್ರಾಹಕರು ಮಾರಾಟವನ್ನು ಮುಂದಕ್ಕೆ ತರುವ ಒಂದು ಕೆಲಸಕ್ಕೆ ಒಪ್ಪಿಕೊಂಡರೆ ಅದು ‘ಅಡ್ವಾನ್ಸ್’. ಒಳ್ಳೆಯ ಮಾತಾಡಿ, ‘ಮತ್ತೆ ಸಿಗೋಣ’ ಎಂದು ಬಿಟ್ಟರೆ ಅದು ‘ಕಂಟಿನ್ಯುಯೇಶನ್’, ಸುಮ್ನೆ ಎಳೆಯುತ್ತಾ ಹೋಗುವುದು. ಅದನ್ನು ಅವರು ಗೆಲುವಿನ ಲೆಕ್ಕಕ್ಕೆ ಹಾಕಲಿಲ್ಲ.

ಹೀಗೆ ನೋಡಿದರೆ ಈ ಕಾಲ್‌ನಲ್ಲಿ ನಿಜವಾದ ಸೂಚನೆಗಳು ಎರಡು ಇವೆ. ಎರಡೂ ಮೊದಲ ನೋಟಿನಲ್ಲಿ ಇಲ್ಲ! 35ನೇ ನಿಮಿಷದಲ್ಲಿ ಮೇಡಂ, ಯಾರೂ ಕೇಳದೆ, ‘ಈಗ ಇರೋದರ ಕಾಂಟ್ರಾಕ್ಟ್ ಮುಂದಿನ ತಿಂಗಳು 15ಕ್ಕೆ ಮುಗಿಯುತ್ತೆ, ಅಷ್ಟರೊಳಗೆ ನಾನು ಹೇಳಬೇಕು’ ಎನ್ನುತ್ತಾರೆ. ಅದಾದ ಎರಡು ನಿಮಿಷಕ್ಕೆ, ‘ಮುಂದಿನ ಸಲ ನಮ್ಮ ಫೀಲ್ಡ್ ಸೂಪರ್‌ವೈಸರ್‌ನೂ ಕೂರಿಸ್ತೀನಿ. ಯಾವ ಯಾವ ಥರದ ಕೆಲಸ ಬರುತ್ತೆ ಅಂತ ಲಿಸ್ಟ್ ಕಳಿಸ್ತೀನಿ.’ ತಾರೀಕು ಕೊಟ್ಟರು, ತಮ್ಮ ಮನುಷ್ಯನನ್ನು ಕರೆತರುತ್ತೇನೆ ಎಂದರು, ಮನೆಕೆಲಸ ತಗೊಂಡರು. ಮೂರೂ ಖರ್ಚಿನ ಮಾತು.

ಆದರೆ ‘ಕಳಿಸ್ತೀನಿ’ ಎಂಬುದು ಇನ್ನೂ ಮಾತು ಮಾತ್ರ. ಆ ಲಿಸ್ಟ್ ಬಂತಾ ಇಲ್ವಾ ಎಂದು ಮೀಟಿಂಗ್‌ನ ಹಿಂದಿನ ದಿನ ನೋಡಿ, ನೋಟಿನಲ್ಲಿ ಅದೇ ಸಾಲಿನ ಪಕ್ಕ ಸೇರಿಸಬೇಕು. ಬಂದಿದ್ದರೆ ಸೂಚನೆ ಗಟ್ಟಿ. ಬಂದಿಲ್ಲದಿದ್ದರೆ ಮುಂದಿನವರು ಅದನ್ನು ಗಟ್ಟಿ ಎಂದು ನಂಬಿ ಹೋಗಬಾರದು.

ನೋಟ್ ಹೇಗಿರಬೇಕು

ಮುಂದಿನ ಸೇಲ್ಸ್‌ನವರು ಮೀಟಿಂಗ್‌ಗೆ ಮುಂಚೆ ಎರಡು ಮೂರು ನಿಮಿಷ ಓದುತ್ತಾರೆ. ಅದಕ್ಕಿಂತ ಜಾಸ್ತಿ ಓದುವುದಿಲ್ಲ. ಒಂದು ಪುಟ ಮೀರಿದರೆ ಬರೆದದ್ದು ದಂಡ. ಹಾಗಾಗಿ ಐದಾರು ವಿಷಯ ಮಾತ್ರ. ಒಂದು ವಿಷಯವನ್ನು ನಾನು ಹೀಗೆ ಬರೆಯುತ್ತೇನೆ:

> 06:40, ಆಪರೇಷನ್ಸ್ ಮೇಡಂ. ಹಿಂದಿನ ಪ್ರಶ್ನೆ: ‘ಈಗ ಏನು ಬಳಸ್ತಿದ್ದೀರಿ?’
> ಅವರ ಮಾತು: ‘ಮೂರು ವರ್ಷದ ಹಿಂದೆ ಇಂಥದ್ದೇ ಒಂದು ಹಾಕಿದ್ವಿ. ಎರಡು ತಿಂಗಳಿಗೆ ಹುಡುಗ್ರು ಬಳಸೋದೇ ಬಿಟ್ರು.’
> ನಾವು ಹೇಳಿದ್ದು: ಕಲಿಯೋದು ಸುಲಭ. ಅವರ ಪ್ರತಿಕ್ರಿಯೆ: ಮೌನ, ‘ಹೌದಾ, ಸರಿ’, ವಿಷಯ ಬದಲು.
> ಸ್ಥಿತಿ: ಉತ್ತರ ಕೊಟ್ಟಿದೆ, ಒಪ್ಪಿದ್ದು ಗೊತ್ತಿಲ್ಲ. ಯಾಕೆ ಬಿಟ್ಟರು ಎಂದು ಕೇಳಿಲ್ಲ.
> ನಮ್ಮ ಅಂದಾಜು: ಬೇಸ್‌ಮೆಂಟ್‌ನಲ್ಲಿ ನೆಟ್‌ವರ್ಕ್ ಇಲ್ಲದ್ದು ಕಾರಣ ಇರಬಹುದು (31:10 ನೋಡಿ). ಹಿಂದಿನದನ್ನು ತಂದದ್ದು ಇವರೇ (32:05).
> ಕೇಳಬೇಕಾದ್ದು: ‘ಹುಡುಗರು ಬಿಟ್ಟಾಗ ಏನಂತ ಹೇಳ್ತಿದ್ರು?’

ಇಲ್ಲಿ ನನಗೆ ಮುಖ್ಯ ಅನಿಸುವುದು ಎರಡು ಸಾಲು. ಒಂದು, ಅವರ ಮಾತು ಅವರದೇ ಪದಗಳಲ್ಲಿ ಇರುವುದು. ‘ಹುಡುಗ್ರು ಬಿಟ್ರು’ ಎಂಬುದನ್ನು ‘ಬಳಕೆದಾರರ ಅಳವಡಿಕೆ ಸಮಸ್ಯೆ’ ಎಂದು ತಿದ್ದಿದ ಕೂಡಲೇ ಅದರಲ್ಲಿದ್ದ ಮನುಷ್ಯರು ಮಾಯ. ಇನ್ನೊಂದು, ಅಂದಾಜಿಗೆ ಅದರದೇ ಸಾಲು ಇರುವುದು. ಅಂದಾಜು ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಕಾಲ್ ಕೇಳಿದವರ ಅಂದಾಜಿಗೆ ಬೆಲೆ ಇದೆ. ಅದು ಗ್ರಾಹಕರ ಮಾತಿನ ವೇಷ ಹಾಕಿಕೊಂಡು ಬರಬಾರದು, ಅಷ್ಟೇ.

ಒಂದು ಚಿಕ್ಕ ಮಾತು. ಗ್ರಾಹಕರು ಮಾತಿನ ನಡುವೆ ತಮ್ಮ ಆರೋಗ್ಯ, ಮನೆ, ಸಹೋದ್ಯೋಗಿಗಳ ಬಗ್ಗೆ ಹೇಳಿದ್ದು ನೋಟಿಗೆ ಬೇಡ. ‘ನನ್ನ ಬಗ್ಗೆ ಏನು ಬರೆದಿಟ್ಟಿದ್ದೀರಿ ತೋರಿಸಿ’ ಎಂದು ಕೇಳುವ ಹಕ್ಕು ಹಲವು ದೇಶಗಳ ಕಾನೂನಿನಲ್ಲಿ ಇದೆ. ಗ್ರಾಹಕರು ಓದಿದರೂ ನಮಗೆ ನಾಚಿಕೆ ಆಗದ ಹಾಗೆ ಬರೆಯಬೇಕು.

ಕಾಲ್‌ನಲ್ಲಿ ಇಲ್ಲದ್ದು

ನೋಟಿನ ಕೊನೆಯಲ್ಲಿ ನಾನು ಇನ್ನೊಂದು ತುಣುಕು ಸೇರಿಸುತ್ತೇನೆ. ಯಾವ ವಿಷಯ ಬರಲೇ ಇಲ್ಲ ಎಂಬುದು. ಇದರಲ್ಲಿ ಮೂರು ಥರ ಇದೆ, ಜನ ಮೂರನ್ನೂ ಕಲಸಿಬಿಡುತ್ತಾರೆ. ನಾವು ಕೇಳಲಿಲ್ಲ. ಕೇಳಿದೆವು, ಅವರು ಹೇಳಲಿಲ್ಲ. ಕೇಳಿದೆವು, ‘ಇಲ್ಲ’ ಎಂದರು. ಸಿಆರ್‌ಎಂನಲ್ಲಿ ಮೂರೂ ಒಂದೇ ಥರ ಖಾಲಿ ಜಾಗವಾಗಿ ಕಾಣುತ್ತವೆ.

ಈ ಕಾಲ್‌ನಲ್ಲಿ ದುಡ್ಡಿಗೆ ಕೊನೆಯ ಸಹಿ ಯಾರದ್ದು ಎಂದು ನಮ್ಮವರು ಕೇಳಿದ್ದರು. 29ನೇ ನಿಮಿಷ. ಮೇಡಂ ‘ಅದು ನಾವು ಒಳಗೆ ನೋಡ್ಕೋತೀವಿ’ ಎಂದರು. ಅಕೌಂಟ್ಸ್‌ನವರು ಆಗ ಏನೂ ಹೇಳಲಿಲ್ಲ. ಇದು ‘ಕೇಳಿದೆವು, ಹೇಳಲಿಲ್ಲ’. ಮುಂದಿನವರು ಅದೇ ಪ್ರಶ್ನೆಯನ್ನು ಅದೇ ರೀತಿ ಕೇಳಿದರೆ ಅದೇ ಉತ್ತರ ಬರುತ್ತದೆ, ಜೊತೆಗೆ ಬೇಸರ. ಬದಲಿಗೆ, ‘ಹೋದ ಸಲದ್ದನ್ನ ತರುವಾಗ ಯಾರ್ಯಾರು ನೋಡಿ ಒಪ್ಪಿದ್ರು?’ ಎಂದು ಕೇಳಬಹುದು. ಆಗಿಹೋದದ್ದರ ಬಗ್ಗೆ ಮಾತಾಡುವುದು ಜನರಿಗೆ ಸುಲಭ. ಈಗಿನ ಕಾಂಟ್ರಾಕ್ಟ್ ಯಾವಾಗ ಮುಗಿಯುತ್ತದೆ ಎಂಬುದು ಮಾತ್ರ ನಾವು ಕೇಳದೆಯೇ ಸಿಕ್ಕಿತ್ತು. ಅದು ನಮ್ಮ ಪುಣ್ಯ.

ರೆಕಾರ್ಡಿಂಗ್‌ಗೂ ಮಿತಿ ಇದೆ. ರೆಕಾರ್ಡ್ ಆಗುತ್ತಿದೆ ಎಂದು ಗೊತ್ತಿದ್ದಾಗ ಜನ ಕೆಲವು ಮಾತು ತಡೆದುಕೊಳ್ಳುತ್ತಾರೆ. ಕಾಲ್‌ನಲ್ಲಿ ಇಲ್ಲದವರ ಆಕ್ಷೇಪ ಕಾಲ್‌ನಲ್ಲಿ ಸಿಗುವುದಿಲ್ಲ. ‘ಹುಡುಗರು’ ಏನು ಹೇಳುತ್ತಾರೆ ಎಂದು ನಮಗೆ ಗೊತ್ತಿದ್ದದ್ದೆಲ್ಲ ಮೇಡಂ ಬಾಯಿಂದ ಕೇಳಿದ್ದು.

ಎರಡನೇ ಮೀಟಿಂಗ್‌ನಲ್ಲಿ

ಸಭೆಯಲ್ಲಿ ಒಬ್ಬರು ಕೇಳಿದರು: ‘ನೋಟ್ ಇಷ್ಟು ಚೆನ್ನಾಗಿದ್ದರೆ, ಆಕ್ಷೇಪಕ್ಕೆ ಉತ್ತರ ರೆಡಿ ಮಾಡಿಕೊಂಡು ಹೋಗಬಹುದಲ್ವಾ?’ ರೆಡಿ ಇರಲಿ. ಆದರೆ ಅದರಿಂದ ಶುರು ಮಾಡಬೇಡಿ. ‘ನೀವು 6ನೇ ನಿಮಿಷದಲ್ಲಿ ಹೀಗೆ ಹೇಳಿದ್ರಿ’ ಎಂದು ಓದಿ ಹೇಳಿದರೆ ಎದುರಿಗಿರುವವರಿಗೆ ತಮ್ಮನ್ನು ಯಾರೋ ಕದ್ದು ನೋಡಿದ ಹಾಗೆ ಆಗುತ್ತದೆ. ಮೊದಲು ಕೇಳಿ, ಅಂದಾಜು ಸರಿಯಾ ಎಂದು ನೋಡಿ, ಆಮೇಲೆ ಉತ್ತರ.

ಈ ಕೇಸ್‌ನಲ್ಲಿ ಲಿಸ್ಟ್ ಬಂದಿತ್ತು, ಸೂಪರ್‌ವೈಸರ್ ಕೂಡ ಬಂದಿದ್ದರು. ಎರಡನೇ ಸೇಲ್ಸ್‌ನವರು ಹೀಗೆ ಶುರು ಮಾಡಿದರು: ‘ಹಿಂದೆ ಒಂದು ಹಾಕಿ ಬಿಟ್ಟಿದ್ರಿ ಅಂತ ನಮ್ಮವರು ಹೇಳಿದ್ರು. ಹುಡುಗರು ಆಗ ಏನಂತಿದ್ರು?’ ಮೇಡಂ ಸೂಪರ್‌ವೈಸರ್ ಕಡೆ ತಿರುಗಿದರು. ಅವರು ಹೇಳಿದರು: ‘ನೆಟ್‌ವರ್ಕ್ ಇರಲಿಲ್ಲ, ಅದು ನಿಜ. ಮೇಲೆ ಬಂದು ಬರೀತಿದ್ವಿ ಸರ್, ಅದೇನೂ ದೊಡ್ಡ ವಿಷಯ ಅಲ್ಲ. ಆದ್ರೆ ಮೇಲೆ ಬಂದು ಬರೆದಾಗ ಟೈಮ್ ತಪ್ಪು ಬೀಳ್ತಿತ್ತು. ಎರಡು ಗಂಟೆ ಕೆಲಸ ಮಾಡಿದ್ರೂ ಹತ್ತು ನಿಮಿಷ ಅಂತ ತೋರಿಸ್ತಿತ್ತು. ಓವರ್‌ಟೈಮ್ ದುಡ್ಡು ಕಟ್ ಆಗೋದು. ಅದಕ್ಕೇ ಬಿಟ್ರು.’

ನಮ್ಮ ಅಂದಾಜು ಅರ್ಧ ಸರಿ, ಅರ್ಧ ತಪ್ಪು. ನೆಟ್‌ವರ್ಕ್ ಇಲ್ಲದೆಯೂ ಓಡುತ್ತದೆ ಎಂದು ಡೆಮೊ ತೋರಿಸಿ ಬಂದಿದ್ದರೆ, ಓವರ್‌ಟೈಮ್ ವಿಷಯ ಹಾಗೇ ಉಳಿದುಬಿಡುತ್ತಿತ್ತು. ಅವರು ಡೆಮೊದಲ್ಲಿ ಬೇರೆಯದನ್ನು ತೋರಿಸಿದರು: ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಕೆಲಸ ಶುರು ಎಂದು ಒತ್ತಿದರೆ ಫೋನ್ ತನ್ನ ಗಡಿಯಾರದ ಸಮಯವನ್ನೇ ಹಿಡಿದಿಟ್ಟು, ಮೇಲೆ ಬಂದಾಗ ಅದನ್ನೇ ಕಳಿಸುತ್ತದೆ ಎಂಬುದನ್ನು. ಸೂಪರ್‌ವೈಸರ್ ಫೋನ್ ಇಸ್ಕೊಂಡು, ನೆಟ್ ಆಫ್ ಮಾಡಿ, ತಾವೇ ಎರಡು ಸಲ ಒತ್ತಿ ನೋಡಿದರು.

ಮೀಟಿಂಗ್ ಆದ ಮೇಲೆ ನಾನು ಮತ್ತೆ ಮೊದಲ ರೆಕಾರ್ಡಿಂಗ್ ಕೇಳಿದೆ. ಎರಡನೇ ಮೀಟಿಂಗ್‌ನಲ್ಲಿ ಬಂದದ್ದು ಮೊದಲನೆಯದರಲ್ಲೇ ಎಲ್ಲಾದರೂ ಇತ್ತಾ ಎಂದು ಹೀಗೆ ವಾಪಸ್ ಹೋಗಿ ನೋಡುವುದು ನನ್ನ ಅಭ್ಯಾಸ. ಇತ್ತು. 28ನೇ ನಿಮಿಷದಲ್ಲಿ ಅಕೌಂಟ್ಸ್‌ನವರು, ನಮ್ಮವರು ಸ್ಕ್ರೀನ್ ಬದಲಿಸುತ್ತಿದ್ದಾಗ, ಮೇಡಂಗೆ ಮೆಲ್ಲಗೆ ಹೇಳುತ್ತಾರೆ: ‘ಓವರ್‌ಟೈಮ್ ಗಲಾಟೆ ಮತ್ತೆ ಬೇಡ.’ ಅದು ಅವರಿಬ್ಬರ ನಡುವಿನ ಮಾತು ಎಂದು ನಾನು ಅಲ್ಲಿ ಗುರುತೇ ಹಾಕಿರಲಿಲ್ಲ. ಈಗ ಸ್ಕ್ರೀನ್ ಬದಲಾಗುವ ಹೊತ್ತಿನ ಆ ಸದ್ದಿಲ್ಲದ ಸೆಕೆಂಡುಗಳನ್ನು ವಾಲ್ಯೂಮ್ ಜಾಸ್ತಿ ಮಾಡಿ ಕೇಳುತ್ತೇನೆ.